ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟ ಮನೆ: ಸಾಕ್ಷಿಗಳ ಸಹಿ ಇಲ್ಲದ ಚೀಟಿ ಉಯಿಲಾಗುತ್ತದಾ?

"ನನ್ನ ನಂತರ ಈ ಮನೆ ನನ್ನ ಮಗಳಿಗೆ ಸೇರಬೇಕು. ಹದಿನೈದು ವರ್ಷದಿಂದ ನನ್ನ ಜೊತೆ ಇದ್ದು ನನ್ನನ್ನು ನೋಡಿಕೊಂಡವಳು ಅವಳೇ. ಮೇಲಿನ ರೂಮು ಕಟ್ಟುವಾಗ ಅವಳು ಮೂರು ಲಕ್ಷ ಹಾಕಿದ್ದಾಳೆ. ಬ್ಯಾಂಕಿನ ಎಫ್‌ಡಿ ಮೊಮ್ಮಗನ ಓದಿಗೆ ಇರಲಿ. ದೊಡ್ಡವನಿಗೆ ದೇವರು ಚೆನ್ನಾಗಿ ಕೊಟ್ಟಿದ್ದಾನೆ, ಅವನು ಬೇಜಾರು ಮಾಡಿಕೊಳ್ಳಬಾರದು."

ಕೆಳಗೆ ಸಹಿ, 2021ರ ಒಂದು ತಾರೀಖು. ಇಷ್ಟೇ. ಹಾಲು, ದಿನಸಿ ಲೆಕ್ಕ ಬರೆಯುವ ಡೈರಿಯ ಕೊನೆಯ ಪುಟ. ಬೇರೆ ಯಾರ ಸಹಿಯೂ ಇಲ್ಲ.

ಈ ಪ್ರಕರಣ ಯಾವುದೋ ಒಂದು ಮನೆಯದ್ದಲ್ಲ. ಇಂಥ ತಂಟೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ್ದು. ವ್ಯಕ್ತಿಗಳು, ಮೊತ್ತಗಳು ಕಲ್ಪಿತ. ಕಾನೂನು ಮಾತ್ರ ಇದ್ದದ್ದು ಇದ್ದ ಹಾಗೆ.

ಮನೆ ಮತ್ತು ಮನೆಯವರು

ಬರೆದವರು ಶಿವಮೊಗ್ಗದ ನಿವೃತ್ತ ಪ್ರಾಥಮಿಕ ಶಾಲೆ ಟೀಚರ್. 1994ರಲ್ಲಿ 30x40 ಸೈಟು ತಗೊಂಡು, ತಮ್ಮ ಸಂಬಳದ ಮೇಲೆ ಸಾಲ ಮಾಡಿ ಮನೆ ಕಟ್ಟಿಸಿದವರು. ಕ್ರಯಪತ್ರ ಅವರ ಹೆಸರಲ್ಲಿದೆ, ಸಾಲದ ಕಂತು ಅವರ ಸಂಬಳದಲ್ಲೇ ಕಟ್ ಆಗಿದೆ. ಗಂಡ 2009ರಲ್ಲಿ ಹೋದರು. ಅಮ್ಮ ಹೋದದ್ದು 2024ರ ಅಕ್ಟೋಬರ್‌ನಲ್ಲಿ.

ಮಕ್ಕಳು ಮೂವರು. ದೊಡ್ಡ ಮಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಮಗಳು ಮದುವೆ ಮುರಿದ ಮೇಲೆ ಅಮ್ಮನ ಮನೆಗೇ ಬಂದವಳು, ಖಾಸಗಿ ಶಾಲೆಯೊಂದರಲ್ಲಿ ಕೆಲಸ. ಕಿರಿ ಮಗ 2020ರಲ್ಲೇ ತೀರಿಕೊಂಡ. ಅವನ ಹೆಂಡತಿ ಮತ್ತು ಹದಿನಾಲ್ಕು ವರ್ಷದ ಮಗ ಭದ್ರಾವತಿಯಲ್ಲಿದ್ದಾರೆ.

ಮನೆಯ ಬೆಲೆ ಈಗ ಸುಮಾರು 90 ಲಕ್ಷ. ಎಫ್‌ಡಿ 6 ಲಕ್ಷ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಡೈರಿ ಸಿಕ್ಕಿತು. ಮಗಳು ಅಣ್ಣನಿಗೆ ತೋರಿಸಿದಳು. ಅಣ್ಣ ಓದಿ, "ಇದು ಅಮ್ಮನ ಕೈಬರಹವೇ, ನನ್ನದೇನೂ ತಕರಾರಿಲ್ಲಮ್ಮ" ಅಂದ. ನಾದಿನಿಯನ್ನು ಅಕ್ಕಾ ಅಂತಲೇ ಕರೆಯುವ ಕಿರಿಯವನ ಹೆಂಡತಿಯೂ, "ಅತ್ತೆ ಬರೆದದ್ದು ಸರಿಯಾಗೇ ಇದೆ ಅಕ್ಕಾ" ಅಂದಳು. ಜಗಳವೇ ಇಲ್ಲ. ಮಗಳು ಡೈರಿ, ಮರಣ ಪ್ರಮಾಣಪತ್ರ, ಕ್ರಯಪತ್ರ ಹಿಡಿದು ಖಾತೆ ಬದಲಾಯಿಸಲು ಮಹಾನಗರ ಪಾಲಿಕೆಗೆ ಹೋದಳು. ಅಲ್ಲಿ ಡೈರಿ ನೋಡಿದ ಗುಮಾಸ್ತ ಕೇಳಿದ್ದು ಒಂದೇ ಮಾತು: "ಸಾಕ್ಷಿಗಳ ಸಹಿ ಎಲ್ಲಿ ಮೇಡಂ?"

ಪ್ರಕರಣ ಶುರುವಾಗುವುದು ಇಲ್ಲಿಂದ. ಎಲ್ಲರೂ ಒಪ್ಪಿರುವ ಮನೆಯಲ್ಲೂ ಈ ಚೀಟಿ ಯಾಕೆ ನಡೆಯುವುದಿಲ್ಲ, ಮತ್ತು ಅಮ್ಮನ ಮಾತನ್ನು ಉಳಿಸಲು ಬೇರೆ ಯಾವ ದಾರಿ ಇದೆ ಎನ್ನುವುದೇ ಇಲ್ಲಿನ ಪ್ರಶ್ನೆ.

ಉಯಿಲು ಅನ್ನಲು ಏನೇನಿದೆ, ಏನಿಲ್ಲ

ಚೀಟಿಯಲ್ಲಿ ಇರುವುದನ್ನು ಮೊದಲು ನೋಡೋಣ. ಉಯಿಲಿಗೆ ಇಂಥದ್ದೇ ನಮೂನೆ ಅಂತ ಇಲ್ಲ. ಸ್ಟಾಂಪ್ ಪೇಪರ್ ಬೇಡ, ಡೈರಿಯ ಪುಟ ಸಾಕು. ವಕೀಲರ ಭಾಷೆ ಬೇಡ, "ಮಗಳಿಗೆ ಸೇರಬೇಕು" ಎಂಬ ಮಾತು ಸಾಕು. ನೋಂದಣಿ ಕಡ್ಡಾಯವಲ್ಲ. ಸತ್ತ ಮೇಲೆ ಆಸ್ತಿ ಯಾರಿಗೆ ಅನ್ನುವ ಉದ್ದೇಶ ಸ್ಪಷ್ಟವಾಗಿದೆ. ಬರಹದ ಕೊನೆಯಲ್ಲಿ ಸಹಿ ಇದೆ. ಅಮ್ಮನ ಬುದ್ಧಿ ಕೊನೆಯವರೆಗೂ ಚುರುಕಾಗಿತ್ತು. ಇಲ್ಲಿಯವರೆಗೆ ಎಲ್ಲವೂ ಸರಿ.

ಇಲ್ಲದಿರುವುದು ಒಂದೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು. ಪ್ರತಿ ಸಾಕ್ಷಿಯೂ, ಬರೆದವರು ಸಹಿ ಹಾಕುವುದನ್ನು ಕಣ್ಣಾರೆ ನೋಡಿರಬೇಕು. ಇಲ್ಲವೇ "ಇದು ನನ್ನದೇ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿನಲ್ಲೇ ತಾನು ಸಹಿ ಹಾಕಿರಬೇಕು. ಇಬ್ಬರೂ ಒಂದೇ ಹೊತ್ತಿಗೆ ಅಲ್ಲಿ ಇರಬೇಕು ಅಂತೇನಿಲ್ಲ. ಸಾಕ್ಷಿಗಳು ಒಳಗೆ ಏನು ಬರೆದಿದೆ ಅಂತ ಓದಿರಬೇಕು ಅಂತಲೂ ಇಲ್ಲ. ಆದರೆ ಇಬ್ಬರ ಸಹಿ ಬೇಕೇ ಬೇಕು.

ಸಾಮಾನ್ಯವಾಗಿ ಮನೆಯವರು ಎಡವುವುದು ಇಲ್ಲೇ. ಈ ಮಗಳು ಕೂಡ ಮೊದಲು ಕೇಳಿದ್ದು, "ಕೈಬರಹ ತಜ್ಞರಿಂದ ಅಮ್ಮನದೇ ಅಕ್ಷರ ಅಂತ ಬರೆಸಿಕೊಂಡು ಬಂದರೆ ಆಗಲ್ವಾ?" ಅಂತ. ಆಗುವುದಿಲ್ಲ. ಅದು ಅಮ್ಮನ ಅಕ್ಷರ ಹೌದೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅಮ್ಮನ ಅಕ್ಷರವೇ ಎಂದು ಸಂಶಯವಿಲ್ಲದೆ ಸಾಬೀತಾದರೂ, ಇಬ್ಬರು ಸಾಕ್ಷಿಗಳ ಮುಂದೆ ಅದು ಪೂರ್ತಿಯಾಗಿಲ್ಲ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಅದು ಅರ್ಧಕ್ಕೆ ನಿಂತ ಕಾಗದ.

ಕೋರ್ಟಿಗೆ ಹೋದರೂ ಇದೇ ಗೋಡೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂ (ಹಳೆಯ ಸಾಕ್ಷ್ಯ ಕಾಯ್ದೆಯ 68) ಹೇಳುವುದು ಇಷ್ಟು: ಉಯಿಲನ್ನು ಸಾಬೀತು ಮಾಡಬೇಕಾದರೆ, ಸಹಿ ಹಾಕಿದ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರನ್ನಾದರೂ ಕಟಕಟೆಗೆ ಕರೆಸಬೇಕು. ಉಯಿಲು ನೋಂದಣಿಯಾಗಿದ್ದರೂ ಈ ಮಾತು ತಪ್ಪಿದ್ದಲ್ಲ. ಸಾಕ್ಷಿಗಳೇ ಇಲ್ಲದ ಕಾಗದಕ್ಕೆ ಯಾರನ್ನು ಕರೆಸುವುದು? "ಎದುರು ಪಾರ್ಟಿ ಒಪ್ಪಿದ್ದಾರಲ್ಲ, ಸಾಕು" ಎಂಬ ವಾದವನ್ನೂ ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಎದುರಿನವರು ಅಲ್ಲಗಳೆಯದಿದ್ದರೂ ಉಯಿಲನ್ನು ಕ್ರಮಪ್ರಕಾರವೇ ಸಾಬೀತು ಮಾಡಬೇಕು.

ಇಷ್ಟು ಬಿಗಿ ಯಾಕೆ ಅಂತ ಬೇಜಾರಾಗುವುದು ಸಹಜ. ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣದಲ್ಲಿ ಇದಕ್ಕೆ ಉತ್ತರವಿದೆ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, ವರದಿಯಾದದ್ದು 1959ರಲ್ಲಿ. ಉಯಿಲಿನ ಬಗ್ಗೆ ಇಂದಿಗೂ ಕೋರ್ಟುಗಳು ಎತ್ತಿ ಹೇಳುವ ತೀರ್ಪು ಅದು. ಕ್ರಯಪತ್ರದ ಬಗ್ಗೆ ಜಗಳ ಬಂದರೆ ಮಾರಿದವರನ್ನೇ ಕರೆಸಿ ಕೇಳಬಹುದು. ಉಯಿಲಿನ ವಿಷಯ ಹಾಗಲ್ಲ, ಅದು ಹೊರಗೆ ಬರುವ ಹೊತ್ತಿಗೆ ಬರೆದವರೇ ಇರುವುದಿಲ್ಲ. ಅವರ ಬದಲಿಗೆ ಮಾತಾಡಲು ಯಾರಾದರೂ ಬೇಕು. ಆ ಯಾರೋ ಇಬ್ಬರನ್ನು ಮೊದಲೇ ಗೊತ್ತು ಮಾಡಿಡಿ ಎನ್ನುವುದೇ 63ನೇ ಕಲಂನ ಹುರುಳು.

ಅಮೆರಿಕದಲ್ಲಿರುವ ಯಾರೋ ನೆಂಟರು ಫೋನು ಮಾಡಿ, "ಕೈಯಲ್ಲೇ ಬರೆದು ಸಹಿ ಹಾಕಿದ್ದರೆ ಸಾಕ್ಷಿ ಬೇಡ" ಅಂದಿದ್ದರಂತೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಅದು ನಿಜ. ಶಿವಮೊಗ್ಗದ ಮನೆಗೆ ಆ ಕಾನೂನು ಬರುವುದಿಲ್ಲ.

ಇಲ್ಲೂ ಎರಡು ವಿನಾಯಿತಿ ಇವೆ, ಆದರೆ ಈ ಮನೆಗೆ ಎರಡೂ ಹೊಂದುವುದಿಲ್ಲ. ಯುದ್ಧದಲ್ಲಿ ತೊಡಗಿರುವ ಸೈನಿಕ, ವಾಯುಪಡೆಯವರು, ಸಮುದ್ರದ ಮೇಲಿರುವ ನಾವಿಕ ಸಾಕ್ಷಿಗಳಿಲ್ಲದೆಯೂ ಉಯಿಲು ಬರೆಯಬಹುದು, ಇಬ್ಬರು ಸಾಕ್ಷಿಗಳ ಮುಂದಾದರೆ ಬಾಯಲ್ಲೂ ಹೇಳಬಹುದು. ಮುಸ್ಲಿಮರಿಗೆ ತಮ್ಮದೇ ಕಾನೂನು ಇದೆ. ಅದರಲ್ಲಿ ಬರಹವೇ ಕಡ್ಡಾಯವಲ್ಲ. ಆದರೆ ಆಸ್ತಿಯ ಮೂರನೇ ಒಂದಕ್ಕಿಂತ ಜಾಸ್ತಿ ಬರೆಯಲು ಅಥವಾ ವಾರಸುದಾರರಲ್ಲೇ ಒಬ್ಬರಿಗೆ ಬರೆಯಲು ಸಾಮಾನ್ಯವಾಗಿ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹಿಂದೂಗಳಿಗೂ ಕ್ರೈಸ್ತರಿಗೂ 63ನೇ ಕಲಂ ಒಂದೇ.

ಚೀಟಿಯನ್ನು ಬದುಕಿಸಲು ಹುಡುಕಿದ ದಾರಿಗಳು

ಸಹಿ ಇಲ್ಲ ಅಂದ ತಕ್ಷಣ ಕೈಬಿಡುವ ಮೊದಲು ಕೆಲವನ್ನು ನೋಡಲೇಬೇಕು. ಡೈರಿಯ ಪುಟದ ಹಿಂದೆ, ಅಂಚಿನಲ್ಲಿ, ಮುಂದಿನ ಹಾಳೆಯಲ್ಲಿ ಬೇರೆ ಯಾರಾದರೂ ಸಹಿ ಹಾಕಿದ್ದಾರಾ? ಬರಹ ಬೇರೆಯವರದ್ದಾಗಿದ್ದರೆ, ಬರೆದುಕೊಟ್ಟವರು ಬಿಕ್ಕಲಂ ಎಂದು, ಅಂದರೆ ಬರೆದದ್ದು ತಾನು ಎಂದು, ಹಾಕಿದ ಸಹಿ ಇದೆಯಾ? ಕೆಲವೊಮ್ಮೆ ಹೀಗೆ ಬರೆದುಕೊಟ್ಟವರ ಸಹಿಯೂ ಸಾಕ್ಷಿಯ ಸಹಿಯಾಗಿ ನಿಲ್ಲುತ್ತದೆ. ಆದರೆ ಆತ ಸಾಕ್ಷಿಯಾಗುವ ಉದ್ದೇಶದಿಂದಲೇ ಸಹಿ ಹಾಕಿರಬೇಕು, 63ರಲ್ಲಿ ಹೇಳಿದ ಕ್ರಮವೂ ನಡೆದಿರಬೇಕು. ಬರೆದೆ ಎಂದು ತೋರಿಸಲಷ್ಟೇ ಹಾಕಿದ ಸಹಿ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಂತೂ ಅಕ್ಷರ ಅಮ್ಮನದೇ. ಬೇರೆ ಯಾವ ಸಹಿಯೂ ಸಿಗಲಿಲ್ಲ.

ಎರಡನೆಯದು, ಬೇರೆ ಉಯಿಲು ಇದೆಯಾ ಅಂತ ಹುಡುಕುವುದು. ಇದನ್ನು ಬಹಳ ಜನ ಮಾಡುವುದೇ ಇಲ್ಲ. ಅಮ್ಮ ಯಾವತ್ತಾದರೂ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಉಯಿಲು ನೋಂದಾಯಿಸಿದ್ದರೆ ಅದು ಅಲ್ಲಿನ 3ನೇ ಪುಸ್ತಕದಲ್ಲಿರುತ್ತದೆ. ಬರೆದವರು ಬದುಕಿರುವಾಗ ಬೇರೆಯವರಿಗೆ ಅದರ ನಕಲು ಕೊಡುವುದಿಲ್ಲ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿ ಪಡೆಯಬಹುದು. ಇ.ಸಿ., ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಉಯಿಲು ಕಾಣುತ್ತದೆ ಅಂದುಕೊಳ್ಳಬೇಡಿ. ಇ.ಸಿ. ಬರುವುದು ಬೇರೆ ಪುಸ್ತಕದಿಂದ. ಈ ಹುಡುಕಾಟ ಯಾಕೆ ಮುಖ್ಯ ಅಂದರೆ, ಹಳೆಯ ಸರಿಯಾದ ಉಯಿಲೊಂದು ಇದ್ದರೆ, ಅದರಲ್ಲಿ ಬೇರೇನೇ ಬರೆದಿದ್ದರೂ, ಈ ಡೈರಿ ಚೀಟಿ ಅದನ್ನು ರದ್ದು ಮಾಡುವುದಿಲ್ಲ. ಬರಹದಲ್ಲಿ ರದ್ದು ಮಾಡುವುದಾದರೆ ಆ ಬರಹಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಈ ಮನೆಯಲ್ಲಿ ಹಳೆಯ ಉಯಿಲು ಇರಲಿಲ್ಲ.

ಉಯಿಲಾಗದಿದ್ದರೆ ದಾನಪತ್ರ ಅನ್ನಬಹುದಾ? ಅದೂ ಇಲ್ಲ. ಸ್ಥಿರಾಸ್ತಿಯ ದಾನಕ್ಕೆ ನೋಂದಣಿಯೂ ಬೇಕು, ಇಬ್ಬರು ಸಾಕ್ಷಿಗಳೂ ಬೇಕು. ಜೊತೆಗೆ ಅಮ್ಮ ಬರೆದಿರುವುದು "ನನ್ನ ನಂತರ" ಅಂತ. ಬದುಕಿರುವಾಗ ಕೊಟ್ಟದ್ದಲ್ಲ. ಕುಟುಂಬದ ಒಪ್ಪಂದ ಅನ್ನೋಣವೇ? ಒಪ್ಪಂದ ಅಂದರೆ ಎರಡೂ ಕಡೆಯವರು ಕೂತು ಮಾಡಿಕೊಂಡದ್ದು. ಇದು ಅಮ್ಮ ಒಬ್ಬರೇ ಬರೆದ ಆಸೆ.

ಇನ್ನೊಂದು ದಾರಿಯನ್ನು ಹೇಳಿದವರು ಪಕ್ಕದ ಮನೆಯ ಹಿರಿಯರು. ಅಮ್ಮನ ಜೊತೆ ಕೆಲಸ ಮಾಡಿದ ಮೇಷ್ಟರು. "ಬರೆದ ದಿನವೇ ನಂಗೆ ತೋರಿಸಿದ್ರು. ನಾನೂ ನಮ್ಮನೆಯವಳೂ ಈಗ ಸಹಿ ಹಾಕ್ತೀವಿ ಬಿಡಮ್ಮ" ಅಂದರು. ಮನಸ್ಸು ಒಳ್ಳೆಯದೇ. ಕೆಲಸ ಮಾತ್ರ ಬಹಳ ಅಪಾಯದ್ದು. ಸಾಕ್ಷಿ ಸಹಿ ಹಾಕಬೇಕಾದದ್ದು ಬರೆದವರ ಎದುರಿನಲ್ಲಿ. ಅವರು ಹೋದ ಮೇಲೆ ಆ ಎದುರು ಎಂಬುದೇ ಇಲ್ಲ. ಈಗ ಹಾಕಿದ ಸಹಿಯನ್ನು ಅಂದು ಹಾಕಿದ್ದು ಎಂದು ತೋರಿಸಿದರೆ ಅದು ನಕಲಿ ಉಯಿಲು ಸೃಷ್ಟಿಸಿದ ಹಾಗೆ. ಭಾರತೀಯ ನ್ಯಾಯ ಸಂಹಿತೆಯ 338ನೇ ಕಲಂ ಪ್ರಕಾರ ಅದಕ್ಕೆ ಹತ್ತು ವರ್ಷದವರೆಗೆ, ಜೀವಾವಧಿಯವರೆಗೂ ಶಿಕ್ಷೆ ಇದೆ. ಎಲ್ಲರೂ ಒಪ್ಪಿರುವ ಮನೆಯಲ್ಲಿ ಯಾರು ಕೇಳುತ್ತಾರೆ ಅಂತ ಸುಮ್ನೆ ಮಾಡಿಬಿಡುವವರಿದ್ದಾರೆ. ಆದರೆ ಈ ಮನೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿದ್ದಾನೆ. ನಾಳೆ ದೊಡ್ಡವನಾಗಿ ಕೇಳಬಹುದಾದವನು ಅವನು.

ಇದರಲ್ಲಿ ನನಗೆ ಅತ್ಯಂತ ಸಂಕಟ ತರುವ ಭಾಗ ಯಾವುದು ಗೊತ್ತಾ? ಮೇಷ್ಟರು ಹೇಳಿದ್ದು ನಿಜ. ಬರೆದ ದಿನವೇ ಅಮ್ಮ ಅವರಿಗೆ ತೋರಿಸಿದ್ದರು. ಅಂದು ಮೇಷ್ಟರು ಮತ್ತು ಅವರ ಹೆಂಡತಿ ಅಮ್ಮನ ಎದುರು ತಲಾ ಒಂದು ಸಹಿ ಗೀಚಿದ್ದರೆ ಇದು ಪೂರ್ತಿ ಉಯಿಲಾಗುತ್ತಿತ್ತು. ಅಂದು ಬಿಟ್ಟುಹೋಗಿದ್ದರೂ 2022ರಲ್ಲೋ 2023ರಲ್ಲೋ ಸರಿಮಾಡಬಹುದಿತ್ತು. ಚೀಟಿಯನ್ನು ಮತ್ತೆ ಬರೆಯುವ ಅಗತ್ಯವೂ ಇರಲಿಲ್ಲ. ಅಮ್ಮ ಇಬ್ಬರನ್ನು ಕರೆದು ಹಳೆಯ ಸಹಿ ತೋರಿಸಿ "ಇದು ನಾನೇ ಹಾಕಿದ್ದು" ಅಂದು, ಅವರು ಅಲ್ಲೇ ಸಹಿ ಹಾಕಿದ್ದರೆ ಸಾಕಿತ್ತು. ಅಮ್ಮ ಬದುಕಿದ್ದಷ್ಟು ದಿನವೂ ಈ ಅವಕಾಶ ಇತ್ತು.

ಹಾಗಾದರೆ ಮನೆ ಯಾರದ್ದು?

ಉಯಿಲು ಇಲ್ಲ ಎಂದಾದ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಹೆಂಗಸಿನ ಆಸ್ತಿಗೆ 15 ಮತ್ತು 16ನೇ ಕಲಂ. ಮೊದಲ ಸಾಲಿನಲ್ಲಿ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮತ್ತು ಮೊದಲೇ ತೀರಿಕೊಂಡ ಮಗ ಅಥವಾ ಮಗಳ ಮಕ್ಕಳು. ಗಂಡ ಇಲ್ಲ. ಹಾಗಾಗಿ ಮೂರು ಪಾಲು: ದೊಡ್ಡ ಮಗನಿಗೆ ಒಂದು, ಮಗಳಿಗೆ ಒಂದು, ಕಿರಿ ಮಗನ ಪಾಲು ಅವನ ಮಗನಿಗೆ.

ಇಲ್ಲೊಂದು ಸೂಕ್ಷ್ಮ ಇದೆ. ಕಿರಿಯವನ ಹೆಂಡತಿಗೆ ಪಾಲಿಲ್ಲ. ಅತ್ತೆಯ ಸ್ವಂತ ಆಸ್ತಿಯಲ್ಲಿ ಸೊಸೆ ಈ ಮೊದಲ ಸಾಲಿನಲ್ಲಿ ಬರುವುದಿಲ್ಲ. ಇದೇ ಮನೆ ಮಾವನದ್ದಾಗಿದ್ದರೆ ಲೆಕ್ಕವೇ ಬೇರೆ ಇರುತ್ತಿತ್ತು. ಗಂಡಸಿನ ಆಸ್ತಿಯಲ್ಲಿ, ಮೊದಲೇ ತೀರಿಕೊಂಡ ಮಗನ ವಿಧವೆಯೂ ಮೊದಲ ದರ್ಜೆಯ ವಾರಸುದಾರಳು. ಅದಕ್ಕೇ ಮನೆ ಯಾರ ದುಡ್ಡಿನದು, ಯಾರ ಹೆಸರಿನದು ಎಂದು ಕ್ರಯಪತ್ರ, ಸಾಲದ ಕಾಗದ ಹಿಡಿದು ಮೊದಲೇ ನೋಡಿಕೊಂಡದ್ದು.

ಹಾಗಾಗಿ ಮೂರನೇ ಒಂದು ಪಾಲಿಗೆ, ಅಂದರೆ ಸುಮಾರು 30 ಲಕ್ಷಕ್ಕೆ, ಆ ಹದಿನಾಲ್ಕರ ಹುಡುಗನೇ ಯಜಮಾನ. ಅಮ್ಮ ತೀರಿಕೊಂಡ ಕ್ಷಣದಿಂದಲೇ. "ಅತ್ತೆ ಬರೆದದ್ದು ಸರಿಯಾಗೇ ಇದೆ" ಎಂದ ಅವನ ತಾಯಿಗೆ ಬಿಟ್ಟುಕೊಡಲು ತನ್ನದು ಅಂತ ಏನೂ ಇಲ್ಲ.

ಅಣ್ಣನ ಪಾಲು ಸುಲಭ

ದೊಡ್ಡ ಮಗ ತನ್ನ ಪಾಲನ್ನು ತಂಗಿಗೆ ಬಿಡಬಹುದು. ಅದಕ್ಕೆ ಹಕ್ಕು ಬಿಡುಗಡೆ ಪತ್ರ ಮಾಡಿಸಿ ನೋಂದಣಿ ಮಾಡಿಸಬೇಕು. ಫೋನಿನಲ್ಲಿ ಹೇಳಿದ್ದು, ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದ್ದು, ಎರಡೂ ನಡೆಯುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗದಿದ್ದರೆ ಹಕ್ಕು ಕೈ ಬದಲಾಗುವುದಿಲ್ಲ. ನೋಂದಣಿ ಆಗುವವರೆಗೆ ಅಣ್ಣ ಮನಸ್ಸು ಬದಲಾಯಿಸಿದರೂ ಕೇಳುವ ಹಾಗಿಲ್ಲ. ಒಳ್ಳೆಯ ಮನಸ್ಸಿರುವಾಗಲೇ ಮಾಡಿಸಿಕೊಳ್ಳಿ ಅಂತ ನಾನು ಹೇಳುವುದು ಅದಕ್ಕೇ. ಕುಟುಂಬದ ಒಳಗಿನ ಬಿಡುಗಡೆಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಮಾರಾಟಕ್ಕಿಂತ ತುಂಬಾ ಕಡಿಮೆ.

ಪತ್ರ ಬರೆಯುವಾಗ ಒಂದು ಮಾತಿನ ಮೇಲೆ ಕಣ್ಣಿಡಬೇಕು. ಬರಿದೇ "ನನ್ನ ಹಕ್ಕು ಬಿಟ್ಟಿದ್ದೇನೆ" ಎಂದರೆ, ಅದು ಉಳಿದ ಪಾಲುದಾರರೆಲ್ಲರಿಗೂ ಹೋಯಿತು, ಹುಡುಗನಿಗೂ ಅರ್ಧ ಬಂತು ಎಂಬ ವಾದ ಹುಟ್ಟುತ್ತದೆ. "ನನ್ನ ಮೂರನೇ ಒಂದು ಪಾಲನ್ನು ನನ್ನ ತಂಗಿಯ ಹೆಸರಿಗೆ ಬಿಟ್ಟಿದ್ದೇನೆ" ಎಂದು ಬಿಡಿಸಿ ಬರೆಸಬೇಕು. ಪತ್ರ ಬರಹಗಾರರ ಹಳೆಯ ನಮೂನೆಯಲ್ಲಿ ಈ ಸಾಲು ಎಷ್ಟೋ ಸಲ ಇರುವುದಿಲ್ಲ. ಬಿಡುಗಡೆಯೋ ದಾನಪತ್ರವೋ ಯಾವುದು ಸರಿ ಅಂತ ನೋಂದಣಿಗೆ ಮೊದಲೇ ವಕೀಲರನ್ನು ಕೇಳಿಕೊಳ್ಳುವುದೂ ಒಳ್ಳೆಯದು.

ಅಣ್ಣನ ಹೆಂಡತಿ, ಮಕ್ಕಳ ಸಹಿ ಬೇಕಾ ಎಂಬ ಪ್ರಶ್ನೆಯೂ ಬಂತು. ತಾಯಿಯಿಂದ ಹೀಗೆ ಬಂದ ಪಾಲು ಅವನ ಸ್ವಂತದ್ದು. ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಹಕ್ಕು ಬರುವುದಿಲ್ಲ. ಅವನೊಬ್ಬನ ಸಹಿ ಸಾಕು. ಮುಂದೆ ಸಾಲ ಕೊಡುವ ಬ್ಯಾಂಕಿನವರು ತಲೆ ತಿನ್ನಬಾರದು ಅಂತ ಕೆಲವರು ಹೆಂಡತಿ ಮಕ್ಕಳಿಂದಲೂ ಒಪ್ಪಿಗೆ ಸಹಿ ಹಾಕಿಸುತ್ತಾರೆ. ತಪ್ಪೇನಿಲ್ಲ.

ಇದಾದ ಮೇಲೆ ಮಗಳ ಕೈಯಲ್ಲಿ ಮೂರರಲ್ಲಿ ಎರಡು ಪಾಲು.

ಹುಡುಗನ ಪಾಲು ಸುಲಭವಲ್ಲ

ತಂದೆ ತೀರಿಕೊಂಡ ಮೇಲೆ ತಾಯಿಯೇ ಹುಡುಗನ ಸಹಜ ಪೋಷಕಿ. ಹಾಗಂತ ಅವನ ಸ್ಥಿರಾಸ್ತಿಯನ್ನು ಅವಳು ಮಾರುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ ಮೊದಲು ಕೋರ್ಟಿನ ಅನುಮತಿ ಬೇಕು. ಕೋರ್ಟು ಅನುಮತಿ ಕೊಡುವುದು ಎರಡೇ ಕಾರಣಕ್ಕೆ: ಹುಡುಗನಿಗೆ ಅದು ಅನಿವಾರ್ಯವಾಗಿರಬೇಕು, ಇಲ್ಲವೇ ಅವನಿಗೆ ಕಣ್ಣಿಗೆ ಕಾಣುವ ಲಾಭವಿರಬೇಕು.

"ಅಜ್ಜಿ ಹೀಗೆ ಬರೆದಿದ್ದರು, ಅದಕ್ಕೆ ಅವನ 30 ಲಕ್ಷದ ಪಾಲನ್ನು ಅತ್ತೆಗೆ ಸುಮ್ಮನೆ ಬಿಟ್ಟುಕೊಡುತ್ತೇವೆ" ಎಂದು ಅರ್ಜಿ ಹಾಕಿದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಹುಡುಗನಿಗೆ ಇದರಲ್ಲಿ ಲಾಭ ಎಲ್ಲಿದೆ?

ಅನುಮತಿ ಇಲ್ಲದೆ ತಾಯಿ ಸಹಿ ಹಾಕಿ ಪತ್ರ ನೋಂದಣಿ ಮಾಡಿಸಿದರೆ ಏನಾಗುತ್ತದೆ? ಪತ್ರ ಆ ಕ್ಷಣಕ್ಕೆ ಬಿದ್ದುಹೋಗುವುದಿಲ್ಲ. ಅದೇ ಮೋಸದ ಜಾಗ. ಖಾತೆ ಆಗುತ್ತದೆ, ಕಂದಾಯ ರಸೀದಿ ಬರುತ್ತದೆ, ಎಲ್ಲ ಮುಗಿಯಿತು ಅನಿಸುತ್ತದೆ. ಹುಡುಗ ಹದಿನೆಂಟು ತುಂಬಿ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಿ ಆ ಪತ್ರವನ್ನು ರದ್ದು ಮಾಡಿಸಬಹುದು. ಅಂದರೆ ಅವನಿಗೆ ಇಪ್ಪತ್ತೊಂದು ತುಂಬುವವರೆಗೂ ಮಗಳ ಹಕ್ಕು ತೂಗುಯ್ಯಾಲೆಯಲ್ಲಿ. ಖಾತೆ ಎಂಬುದು ಕಂದಾಯ ಯಾರು ಕಟ್ಟಬೇಕು ಎಂಬ ದಾಖಲೆ ಅಷ್ಟೇ, ಅದರಿಂದ ಒಡೆತನ ಹುಟ್ಟುವುದಿಲ್ಲ.

ಉಳಿದ ದಾರಿಗಳು ಎರಡು. ಒಂದು, ಮಗಳು ಹುಡುಗನ ಪಾಲನ್ನು ಸರಿಯಾದ ಬೆಲೆಗೆ ಕೊಂಡುಕೊಳ್ಳುವುದು. ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ, ಜೊತೆಗೆ ಮನೆಯ ಮೌಲ್ಯಮಾಪನ ವರದಿ. ಕೋರ್ಟು ಬೆಲೆ ನೋಡುತ್ತದೆ, ಹುಡುಗನ ಹಣ ಅವನ ಹೆಸರಲ್ಲೇ ಠೇವಣಿಯಾಗಬೇಕು ಎಂಬಂಥ ಷರತ್ತು ಹಾಕುತ್ತದೆ. ಇದು ಗಟ್ಟಿ ದಾರಿ. ಆದರೆ ಮಗಳ ಬಳಿ 30 ಲಕ್ಷ ಎಲ್ಲಿಂದ ಬರಬೇಕು?

ಇನ್ನೊಂದು, ಕಾಯುವುದು. 2028ರಲ್ಲಿ ಹುಡುಗನಿಗೆ ಹದಿನೆಂಟು. ಆಗ ಅವನೇ ಕೂತು ಯೋಚಿಸಿ, ಬೇಕು ಅನಿಸಿದರೆ ತನ್ನ ಸಹಿಯಿಂದ ಬಿಟ್ಟುಕೊಡಬಹುದು. ಬೇಡ ಅನಿಸಿದರೆ ಬೇಡ. "ದೊಡ್ಡವನಾದ ಮೇಲೆ ಅವನು ಬಿಟ್ಟುಕೊಡುತ್ತಾನೆ ಅಂತ ಅವನ ತಾಯಿಯಿಂದ ಬರೆಸಿಕೊಳ್ಳೋಣವಾ" ಎಂದು ಅಣ್ಣ ಕೇಳಿದ. ಆ ಕಾಗದದಿಂದ ಹುಡುಗನನ್ನು ಕಟ್ಟಿಹಾಕಲು ಆಗುವುದಿಲ್ಲ. ಮುಂದೆ ಜಗಳ ಬಂದರೆ ತಾಯಿ ಮಗನ ನಡುವೆ ಅದೊಂದು ಮುಳ್ಳಾಗಿ ಉಳಿಯುತ್ತದೆ. ನಾನಾದರೆ ಬರೆಸುವುದಿಲ್ಲ.

ಚೀಟಿ ಪೂರ್ತಿ ರದ್ದಿಯಾ?

ಅಲ್ಲ. ಅದರಲ್ಲಿರುವ ಎಲ್ಲ ಮಾತೂ ಒಂದೇ ಜಾತಿಯದ್ದಲ್ಲ. "ಮನೆ ಮಗಳಿಗೆ" ಎಂಬುದು ಆಸ್ತಿ ಹಂಚುವ ಮಾತು, ಅದು ಬಿದ್ದುಹೋಯಿತು. "ಮೇಲಿನ ರೂಮು ಕಟ್ಟುವಾಗ ಅವಳು ಮೂರು ಲಕ್ಷ ಹಾಕಿದ್ದಾಳೆ" ಎಂಬುದು ನಡೆದ ಸಂಗತಿಯನ್ನು ಹೇಳುವ ಮಾತು. ತೀರಿಕೊಂಡವರು ತಮ್ಮ ಹಣದ ಹಿತಕ್ಕೆ ವಿರುದ್ಧವಾಗಿ ಬರೆದಿಟ್ಟ ಮಾತನ್ನು ಸಾಕ್ಷ್ಯವಾಗಿ ಮುಂದಿಡಲು ಸಾಕ್ಷ್ಯ ಅಧಿನಿಯಮದ 26ನೇ ಕಲಂನಲ್ಲಿ ಜಾಗವಿದೆ. ಮುಂದೆ ಎಂದಾದರೂ ಪಾಲಿನ ದಾವೆ ಬಂದರೆ, ಲೆಕ್ಕ ಹಾಕುವಾಗ ಈ ಮೂರು ಲಕ್ಷವನ್ನು ಪರಿಗಣಿಸಿ ಎಂದು ಮಗಳು ಕೇಳಬಹುದು. ಗೆದ್ದೇ ಗೆಲ್ಲುತ್ತಾಳೆ ಅಂತಲ್ಲ. ಕೈಬರಹ ತಜ್ಞರ ಮಾತು ಉಪಯೋಗಕ್ಕೆ ಬರುವುದು ಇಲ್ಲಿ. ಹಾಗಾಗಿ ಡೈರಿಯನ್ನು ಬೀರುವಿನಲ್ಲಿ ಹಾಗೇ ಇಡಬೇಕು. ಪುಟ ಹರಿಯಬಾರದು, ಲ್ಯಾಮಿನೇಟ್ ಮಾಡಿಸಬಾರದು, ಪಕ್ಕದಲ್ಲಿ ಏನೂ ಬರೆಯಬಾರದು. ಅವತ್ತು ಹಾಕಿದ ದುಡ್ಡಿಗೆ ಬ್ಯಾಂಕಿನ ದಾಖಲೆ ಇದ್ದರೆ ಅದನ್ನೂ ಜೊತೆಗಿಡಬೇಕು.

ಎಫ್‌ಡಿಯ ಮಾತು ಬೇರೆ. ಅದಕ್ಕೆ ಮಗಳು ನಾಮಿನಿ. ನಾಮಿನಿ ಅಂದರೆ ಬ್ಯಾಂಕಿನಿಂದ ಹಣ ತಗೊಳ್ಳುವವಳು, ಒಡತಿ ಅಲ್ಲ. ಆ 6 ಲಕ್ಷವೂ ಮೂವರಿಗೆ ತಲಾ 2 ಲಕ್ಷ. ಇಲ್ಲಿ ಅಮ್ಮನ ಮಾತು ನಡೆಸಲು ಯಾವ ಕೋರ್ಟಿನ ಅನುಮತಿಯೂ ಬೇಡ. ಅಣ್ಣ ತಂಗಿ ಇಬ್ಬರೂ ದೊಡ್ಡವರು, ತಮ್ಮ ಪಾಲನ್ನು ಹುಡುಗನಿಗೆ ಕೊಡಬಹುದು. ಹುಡುಗನಿಗೆ ಕೊಡುವುದಕ್ಕೆ ಅಡ್ಡಿ ಇಲ್ಲ, ಅವನಿಂದ ತೆಗೆದುಕೊಳ್ಳುವುದಕ್ಕೆ ಮಾತ್ರ ಅಡ್ಡಿ.

ಕೊನೆಗೆ ಮಾಡಿದ್ದು

ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿದರು. ಅದರಲ್ಲಿ ತೀರಿಕೊಂಡ ಕಿರಿಮಗ, ಅವನ ಮಗ ಇಬ್ಬರ ಹೆಸರೂ ಬಂದಿದೆಯಾ ಅಂತ ನೋಡಿಕೊಂಡರು. ಅರ್ಜಿ ಹಾಕುವವರು ಮರೆತರೆ ಇಂಥ ಹೆಸರೇ ಬಿಟ್ಟುಹೋಗುವುದು. ಬಿಟ್ಟುಹೋದ ವಂಶವೃಕ್ಷದ ಮೇಲೆ ಮಾಡಿದ ಪತ್ರಗಳೆಲ್ಲ ಮುಂದೆ ತಲೆನೋವು.

ಅಣ್ಣ ಶಿವಮೊಗ್ಗಕ್ಕೆ ಬಂದು ತನ್ನ ಪಾಲಿನ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ, ನೋಂದಣಿ ಆಯಿತು. ಪಾಲಿಕೆಯಲ್ಲಿ ಖಾತೆಯನ್ನು ಮಗಳು ಮತ್ತು ಹುಡುಗ ಇಬ್ಬರ ಹೆಸರಿಗೂ ಜಂಟಿಯಾಗಿ ಕೇಳಿದರು. ಹುಡುಗ ಅಪ್ರಾಪ್ತ, ತಾಯಿ ಪೋಷಕಿ ಎಂದು ಸೇರಿಸಿ. ಡೈರಿಯ ಮಾತನ್ನು ಅರ್ಜಿಯಲ್ಲಿ ಎತ್ತಲೇ ಇಲ್ಲ. ಎಫ್‌ಡಿ ಮುರಿಸಿ 6 ಲಕ್ಷವನ್ನೂ ಹುಡುಗನ ಹೆಸರಲ್ಲಿ ಮತ್ತೆ ಠೇವಣಿ ಇಟ್ಟರು.

ಮಗಳು ಮನೆಯಲ್ಲೇ ಇದ್ದಾಳೆ. ಸಹಪಾಲುದಾರಳಾಗಿ ಇರಲು ಅವಳಿಗೆ ಹಕ್ಕಿದೆ. ಮೇಲಿನ ರೂಮನ್ನು ಬಾಡಿಗೆಗೆ ಕೊಟ್ಟಿರುವುದರಿಂದ ಬಾಡಿಗೆಯ ಮೂರನೇ ಒಂದು ಭಾಗವನ್ನು ತಿಂಗಳು ತಿಂಗಳು ಹುಡುಗನ ಖಾತೆಗೆ ಹಾಕುತ್ತಾಳೆ. ಕಂದಾಯ, ರಿಪೇರಿ ಖರ್ಚಿನ ಲೆಕ್ಕ ಬರೆದಿಡುತ್ತಾಳೆ. ಇದನ್ನು ಯಾರೂ ಕೇಳಿರಲಿಲ್ಲ, ಆದರೆ ಹದಿನೆಂಟು ತುಂಬಿದ ಹುಡುಗ ಒಂದು ದಿನ ಲೆಕ್ಕ ಕೇಳಬಹುದು, ಕೇಳಲು ಅವನಿಗೆ ಹಕ್ಕಿದೆ.

ಮತ್ತೊಂದು ಕೆಲಸವನ್ನು ಅವಳು ಆ ವಾರವೇ ಮಾಡಿದಳು. ತನ್ನ ಎರಡು ಪಾಲು ತನ್ನ ನಂತರ ಯಾರಿಗೆ ಎಂದು ಒಂದೂವರೆ ಪುಟದ ಉಯಿಲು ಬರೆದಳು. ಪಕ್ಕದ ಮನೆಯ ಮೇಷ್ಟರ ವಯಸ್ಸಾಗಿದೆ ಅಂತ, ತನಗಿಂತ ಚಿಕ್ಕವರಾದ ಇಬ್ಬರು ಸಹೋದ್ಯೋಗಿಗಳನ್ನು ಕರೆದು ಅವರ ಎದುರು ಸಹಿ ಹಾಕಿದಳು. ಅವಳ ಎದುರು ಅವರಿಬ್ಬರೂ ಹಾಕಿದರು. ಇಬ್ಬರ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರೂ ಕೆಳಗೆ ಬರೆಸಿಕೊಂಡಳು.